ಕುರಿಪಾಲು ಮುಗಿಸಿದ ಪತ್ರ

ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಿದ ಮರುವರ್ಷ ನಾನು ಶಹಾಪುರದ ವಕೀಲರೊಬ್ಬರ ಬಳಿ ಕಾಗದಪತ್ರ ಬರೆಯುತ್ತಿದ್ದೆ. ಪತ್ರಿಕೆಯ ಕೆಲಸಕ್ಕೆ ಸೇರಿದ್ದು ಆಮೇಲೆ. ಆಗ ಕರಾರು ಮಾಡಿಕೊಳ್ಳುವವರಿಗಿಂತ ಮುಗಿಸಿಕೊಳ್ಳುವವರೇ ಹೆಚ್ಚು ಬರುತ್ತಿದ್ದರು. ಹಿಂದಿನ ವರ್ಷದ ಗಲಭೆಯ ಮೇಲೆ ಅನೇಕ ಮುಸಲ್ಮಾನ ಮನೆಯವರು ಊರು ಬಿಡುತ್ತಿದ್ದರು.

ಒಂದು ಬೆಳಿಗ್ಗೆ ಸುರಪುರದಿಂದ ಒಬ್ಬ ಹೆಂಗಸು ತಮ್ಮನನ್ನು ಕರೆದುಕೊಂಡು ಬಂದಳು. ಬುರ್ಖಾ ಹಾಕಿದ್ದಳು. ಹಿಂದೆಯೇ ತಿಂಥಣಿ ಕಡೆಯ ಕುರುಬನೊಬ್ಬ ಬಂದು ಬಾಗಿಲ ಹೊರಗೆ ಕಂಬಳಿ ಹಾಸಿ ಕೂತ. ವಕೀಲರು ಎರಡು ಸಲ ಕರೆದ ಮೇಲೆ ಒಳಗೆ ಬಂದ.

ವಿಷಯ ಸರಳವಾಗಿತ್ತು. ಅವಳ ತಂದೆ ಅವಳಿಗೆಂದು ಕೊಟ್ಟ ಕುರಿಗಳನ್ನು ಈ ಕುರುಬ ಪಾಲಿಗೆ ಮೇಯಿಸುತ್ತಿದ್ದ. ಹುಟ್ಟಿದ ಮರಿಗಳಲ್ಲಿ ಅರ್ಧ ಅವನಿಗೆ, ಅರ್ಧ ಅವಳಿಗೆ. ಹೆಂಗಸರು ಕಚೇರಿಗೆ ಬರುವ ರೂಢಿ ಇಲ್ಲದ್ದರಿಂದ ಕರಾರಿಗೆ ಅವಳ ಪರವಾಗಿ ಗಂಡ ಸಹಿ ಹಾಕಿದ್ದ. ಅವಧಿ ಇನ್ನೂ ಉಳಿದಿತ್ತು. ತಮ್ಮ ಅವಳನ್ನು ಹೈದರಾಬಾದಿಗೆ ಕರೆದೊಯ್ಯುವವನಿದ್ದ. ಒಬ್ಬರೇ ಮುರಿದರೆ ಇನ್ನೊಬ್ಬರು ನಷ್ಟ ಕೇಳಬಹುದು. ಇಬ್ಬರೂ ಒಪ್ಪಿ ಮುಗಿಸಿದರೆ ತಂಟೆ ಇಲ್ಲ. ಹಿಂಡನ್ನು ಹಿಂದಿನ ವಾರವೇ ಹಂಚಿಕೊಂಡಿದ್ದರು. ಗಬ್ಬದ ಕುರಿಗಳ ಹೊಟ್ಟೆಯಲ್ಲಿದ್ದ ಮರಿ ಯಾರಿಗೆ ಎಂಬುದನ್ನೂ ತೀರ್ಮಾನಿಸಿಕೊಂಡೇ ಬಂದಿದ್ದರು.

ಪತ್ರ ಬೇಕೆಂದು ಹಟ ಹಿಡಿದವನು ಕುರುಬನೇ. ಅವನ ದಾಯಾದಿಯೊಬ್ಬ ಬಾಯಿಮಾತಿನಲ್ಲಿ ಕುರಿ ಒಪ್ಪಿಸಿ, ಮರುವರ್ಷ ಮಾಲೀಕನ ಕಡೆಯವರ ಕೈಗೆ ಸಿಕ್ಕಿ ಎರಡನೆಯ ಸಲ ಒಪ್ಪಿಸಬೇಕಾಗಿ ಬಂದಿತ್ತಂತೆ. ಓದಲು ಬರುತ್ತದೆಯೇ ಎಂದು ವಕೀಲರು ಕೇಳಿದರು.

"ಕುರೀದು ಮಾರಿ ನೋಡಿ ಓದ್ತೀನ್ರಿ. ಕಾಗದದ ಮಾರಿ ನನಗ ತಿಳ್ಯಂಗಿಲ್ಲ," ಎಂದ. ಹೆಂಗಸು ಬುರ್ಖಾದೊಳಗೇ ನಕ್ಕಳು.

ನಾನು ಬರೆದು ಇಬ್ಬರಿಗೂ ಕೇಳಿಸಿದೆ. ಕರಾರು ಉಭಯತ್ರರ ಒಪ್ಪಿಗೆಯಿಂದ ಇಂದಿಗೆ ಮುಗಿದಿದೆ, ಹಿಂಡು ಹಂಚಿಕೆಯಾಗಿ ಇಬ್ಬರಿಗೂ ಮುಟ್ಟಿದೆ, ಇನ್ನು ಮುಂದೆ ಒಬ್ಬರ ಮೇಲೆ ಒಬ್ಬರಿಗೆ ಯಾವ ಹಕ್ಕೂ ದಾವೆಯೂ ಇಲ್ಲ. ಇಬ್ಬರೂ ತಲೆಯಾಡಿಸಿದರು.

ಸಹಿಯ ಹೊತ್ತಿಗೆ ವಕೀಲರು ಹಳೆಯ ಕರಾರನ್ನು ತಿರುವಿ ನೋಡಿದರು. ಸಹಿ ಹಾಕಿದ ಗಂಡ ಎಲ್ಲಿ ಎಂದರು. ಹೋದ ವರ್ಷ ಭಾರತದ ಸೈನ್ಯ ಸಂಸ್ಥಾನದೊಳಗೆ ಬಂದ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಯಾದಗಿರಿಗೆಂದು ಹೊರಟವನು ತಿರುಗಿ ಬಂದಿಲ್ಲ ಎಂದು ತಮ್ಮ ತಗ್ಗಿದ ದನಿಯಲ್ಲಿ ಹೇಳಿದ. ವಕೀಲರು ಲೇಖನಿ ಕೆಳಗಿಟ್ಟರು. ಆತ ಇದ್ದರೆ ಆತನೇ ಸಹಿ ಮಾಡಬೇಕು, ಇಲ್ಲವೇ ತನ್ನ ಪರವಾಗಿ ಸಹಿ ಮಾಡಲು ಹೆಂಡತಿಗೆ ಮುಖ್ತ್ಯಾರ ಪತ್ರ ಕೊಟ್ಟಿರಬೇಕು. ತೀರಿಕೊಂಡಿದ್ದರೆ ಕುರಿ ಅವಳವೇ ಆದ್ದರಿಂದ ಅವಳ ಸಹಿ ಸಾಕು, ಆದರೆ ಹಾಗೆಂದು ಬರೆಯಬೇಕು. ಎರಡರಲ್ಲಿ ಒಂದೂ ಇಲ್ಲದಿದ್ದರೆ ನಾಳೆ ಯಾರಾದರೂ ಬಂದು ಈ ಬಿಡುಗಡೆ ನಡೆಯುವುದಿಲ್ಲ ಎನ್ನಬಹುದು.

ತೀರಿಕೊಂಡರೆಂದೇ ಬರೆಯಿರಿ ಎಂದು ತಮ್ಮ ಹೇಳಿದ. ಅವಳು ಬೇಡ ಎಂದಳು. ಅವರು ಹೈದರಾಬಾದಿನಲ್ಲಿ ಇರಬಹುದು, ಹುಡುಕಲಿಕ್ಕೇ ತಾನು ಹೋಗುತ್ತಿದ್ದೇನೆ ಎಂದಳು. ತಮ್ಮ ಗೋಡೆಯ ಕಡೆ ತಿರುಗಿದ. ಅವಳನ್ನು ಹೊರಡಿಸಲು ಅವನು ಆ ಮಾತು ಹೇಳಿದ್ದನೆಂದು ನನಗೆ ಹೊಳೆಯಿತು.

ಆಗ ಕುರುಬ ಎದ್ದು ನಿಂತ. "ಕಾಗದ ಬ್ಯಾಡ ಬಿಡ್ರಿ ಸಾಹೇಬ್ರ. ಅವ್ವಾರ ಬಾಯಿಮಾತು ಸಾಕು ನನಗ."

ವಕೀಲರು ಬೈದರು. ಈ ಕಾಗದಕ್ಕಾಗಿ ಎಲ್ಲರನ್ನೂ ಇಲ್ಲಿಯವರೆಗೆ ನಡೆಸಿದವನು ನೀನೇ ಅಲ್ಲವೇ ಎಂದರು. ಅವನು ಕಂಬಳಿ ಹೆಗಲಿಗೆ ಹಾಕಿಕೊಂಡ.

ಹೆಂಗಸು ಮುಖದ ಮೇಲಿನ ಪರದೆ ಎತ್ತಿ ಅವನನ್ನು ನೋಡಿದಳು.

"ನೀ ನೋಡಿಯೇನಪ್ಪಾ ಅವರನ್ನ?"

"ಹೌದ್ರಿ ಅವ್ವಾರ."

"ಯಾವಾಗ?"

"ಅವತ್ತೇ. ಹೊಳಿ ದಂಡ್ಯಾಗ." ಹೆಗಲ ಕಂಬಳಿ ಕೆಳಗಿಳಿಸಿ, "ಮನಿಗೆ ಉಣ್ಣೆ ಕೊಡಾಕ ಬಂದಾಗೆಲ್ಲ ಹೇಳಬೇಕಂತಿದ್ದೆ. ನೀವು ಅವರದೂ ಸೇರಿಸಿ ಎರಡು ತಾಟು ತೊಳೆದಿಡ್ತಿದ್ರಿ," ಎಂದ.

ಅವಳು ಅಳಲಿಲ್ಲ. ಹಾಗೇ ಬಿಟ್ಟು ಬಂದೆಯಾ ಎಂದು ಕೇಳಿದಳು. ಇಲ್ಲ, ತಾನೂ ತನ್ನ ಅಣ್ಣನೂ ಮಣ್ಣು ಮಾಡಿದೆವು, ತಲೆ ಯಾವ ದಿಕ್ಕಿಗೆ ಎಂದು ದರ್ಗಾದ ಫಕೀರನನ್ನು ಕೇಳಿ ಬಂದು ಹಾಗೇ ಮಲಗಿಸಿದೆವು, ಕುರಿ ತುಳಿಯದಂತೆ ಸುತ್ತ ಜಾಲಿಮುಳ್ಳು ಹಾಕಿದ್ದೇವೆ ಎಂದು ಅವನು ಹೇಳಿದ. ಯಾರು ಕೊಂದರೆಂದು ಅವಳು ಕೇಳಲಿಲ್ಲ. ವಕೀಲರೂ ಕೇಳಲಿಲ್ಲ.

"ಬರಿಯಪ್ಪಾ," ಎಂದಳು ನನಗೆ.

ಅವಳ ಗಂಡನ ಹೆಸರಿನ ಹಿಂದೆ 'ಮರಹೂಮ್' ಎಂದು ಸೇರಿಸಿದೆ. ತೀರಿಹೋದವರು ಎಂಬ ಆ ಮಾತನ್ನು ನಾನು ಅನೇಕ ಕಾಗದಗಳಲ್ಲಿ ಬರೆದಿದ್ದೆ. ಅದನ್ನು ಓದಿ ಕೇಳಿಸುವಾಗ ನನ್ನ ದನಿ ಎಂದಿನಂತೆಯೇ ಇತ್ತು. ಅವಳು ಉರ್ದುವಿನಲ್ಲಿ ನಿಧಾನವಾಗಿ ಸಹಿ ಮಾಡಿದಳು. ಕುರುಬ ಹೆಬ್ಬೆರಳು ಒತ್ತಿದ. ತಮ್ಮನೂ ನಾನೂ ಸಾಕ್ಷಿ ಹಾಕಿದೆವು. ಎರಡು ಪ್ರತಿ, ಇಬ್ಬರಿಗೂ ಒಂದೊಂದು.

ಯಾದಗಿರಿಯಲ್ಲಿ ರೈಲು ತಪ್ಪುತ್ತದೆ ಎಂದು ತಮ್ಮ ಅವಸರ ಮಾಡಿದ. ಅವಳು ಇವತ್ತು ಹೋಗುವುದಿಲ್ಲ ಎಂದಳು. ಹೊಳೆ ಎಷ್ಟು ದೂರ ಎಂದು ಕುರುಬನನ್ನು ಕೇಳಿ, ಪರದೆ ಇಳಿಸಿಕೊಂಡು, ಅವನ ಹಿಂದೆ ನಡೆದಳು. ಅವಳು ಬಿಟ್ಟುಹೋದ ಪ್ರತಿಯನ್ನು ತಮ್ಮನ ಕೈಗೆ ಕೊಟ್ಟೆ.