ಹಿತ್ತಲು ಮಾರಿದ ಲಾಭ

“ಕೂತ್ಕೊಳ್ರೀ, ಪ್ರಾಕ್ಸಿಗಳು ಮಾತಾಡೋ ಹಂಗಿಲ್ಲ!” ಎಂದು ಕಂಪನಿ ಸೆಕ್ರೆಟರಿ ಮೈಕಿನಲ್ಲೇ ಗದರಿದ. ರಾಜಾಜಿನಗರದ ಕಲ್ಯಾಣ ಮಂಟಪ, ವರ್ಷದ ಷೇರುದಾರರ ಸಭೆ. ಎಲ್ಲರೂ ನನ್ನ ಕಡೆ ತಿರುಗಿದರು.

ಷೇರು ಅಪ್ಪನದು. ಕಂಪನಿ ಷೇರು ಬಿಟ್ಟಾಗ ಕಾರ್ಮಿಕರಿಗೂ ಒಂದಿಷ್ಟು ಕೊಟ್ಟಿತ್ತು. ಆಮೇಲೆ ತಗಡು ಒತ್ತುವ ಪ್ರೆಸ್ ಶಾಪ್ ಮುಚ್ಚಿ ಅಪ್ಪನನ್ನು ಮನೆಗೆ ಕಳಿಸಿದರು. ಆ ಮುಖಗಳನ್ನು ನೋಡಲಾರೆ ಎಂದು ಅಪ್ಪ ಬರಲಿಲ್ಲ. ಪ್ರಾಕ್ಸಿ ಫಾರಂಗೆ ಅವನ ಸಹಿ ಹಾಕಿಸಿ, ಮೊದಲೇ ಆಫೀಸಿಗೆ ಕೊಟ್ಟು, ಅವನ ಬದಲು ನಾನು ಬಂದಿದ್ದೆ. ಬದಲಿಗೆ ಬಂದವನು ಕೂರಬಹುದು, ಬಾಯಿ ಬಿಡಬಾರದು. ಕಾನೂನಂತೆ. ನನಗೆ ಗೊತ್ತಿರಲಿಲ್ಲ.

ನಾನು ಎದ್ದದ್ದು ಚೇರ್ಮನ್ನರ ಭಾಷಣಕ್ಕೆ. ಇಂಗ್ಲಿಷಿನದು ಮುಗಿಸಿ, ಸಣ್ಣ ಷೇರುದಾರರಿಗೆ ಅರ್ಥವಾಗಲಿ ಎಂದು ಕನ್ನಡದಲ್ಲಿ ಹೇಳಿದರು: “ಕಂಪನಿ ಅಂದ್ರೆ ಮನೆ ಇದ್ದಂಗೆ. ಹೋದ ವರ್ಷ ನಷ್ಟ ಆಯ್ತು. ಯಾಕೆ? ಮನೇಲಿ ಕೂತು ತಿನ್ನೋರು ಜಾಸ್ತಿ ಇದ್ರು. ಅವರನ್ನ ಕಳಿಸಿದ್ವಿ. ಈ ವರ್ಷ ಲಾಭ!”

ಚಪ್ಪಾಳೆ ಬಿತ್ತು. ಕೂತು ತಿನ್ನುವವರಂತೆ. ಅಪ್ಪನ ಎಡಗೈಯ ಎರಡು ಬೆರಳು ಅದೇ ಪ್ರೆಸ್ಸಿಗೆ ಹೋಗಿದ್ದವು. ಈ ಮಾತನ್ನು ಇವನ ಬಾಯಿಂದಲೇ ವಾಪಸ್ ಕಕ್ಕಿಸಬೇಕು ಅಂದುಕೊಂಡು ಎದ್ದೆ; ಗದರಿಸಿಕೊಂಡು ಕೂತೆ.

ಪಕ್ಕದಲ್ಲಿ ಬಸವೇಶ್ವರನಗರದ ಒಬ್ಬ ಅಜ್ಜಿ, ಸಭೆಯಲ್ಲಿ ಕೊಟ್ಟ ಸ್ವೀಟ್ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಗಂಡನ ಷೇರು ಅವರ ಹೆಸರಿಗೆ ಬಂದಿತ್ತು.

“ಅಜ್ಜಿ, ನೀವು ಮಾತಾಡ್ಬೋದು. ಪ್ರೆಸ್ ಶಾಪ್ ಜಾಗ ಮಾರಿಬಿಟ್ರಲ್ಲ, ಆ ದುಡ್ಡೂ ಈ ಲಾಭದಲ್ಲಿ ಸೇರಿದ್ಯಾ ಅಂತ ಕೇಳಿ.”

“ನಂಗ್ಯಾಕಪ್ಪ ಊರ ಉಸಾಬರಿ?”

“ಲಾಭ ಸುಳ್ಳಾದ್ರೆ ಮುಂದಿನ ವರ್ಷ ನಿಮಗೇನು ಕೊಡ್ತಾರೆ? ಈ ಸ್ವೀಟ್ ಪೊಟ್ಟಣಾನೂ ಇರಲ್ಲ.”

ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದರು. “ಸ್ವಾಮಿ, ಮನೆ ಅಂದ್ರಲ್ಲ, ಹಿತ್ತಲು ಮಾರಿದ್ದನ್ನೂ ಸಂಪಾದನೆ ಅಂತೀರಾ? ಅದನ್ನ ತೆಗೆದ್ರೆ ಉಳಿಯೋದೇನು?”

ನಾನು ಹೇಳಿಕೊಟ್ಟದ್ದಕ್ಕಿಂತ ಚೆನ್ನಾಗಿ ಕೇಳಿದರು. ಸಭೆ ಗೊಳ್ಳೆಂದಿತು. ಸೆಕ್ರೆಟರಿ ವರದಿ ತಿರುಗಿಸಿ ಚೇರ್ಮನ್ನರ ಕಿವಿಯಲ್ಲಿ ಏನೋ ಹೇಳಿದ.

“ಅದು... ಜಾಗದ್ದು ಬೇರೆ ಕಾಲಮ್ಮಲ್ಲಿ ತೋರ್ಸಿದೀವಿ ಅಮ್ಮ,” ಎಂದರು ಚೇರ್ಮನ್.

“ತೋರ್ಸಿದೀರಿ. ಹೇಳ್ಲಿಲ್ಲ. ತೆಗೆದ್ರೆ?”

“ತೆಗೆದ್ರೆ ಈ ವರ್ಷಾನೂ ನಷ್ಟಾನೇ.”

“ಹಂಗಾದ್ರೆ ಕಳಿಸಿದ್ರಲ್ಲ, ಅವ್ರಿಂದ ಆದ ನಷ್ಟ ಅಲ್ವಲ್ಲ ಅದು?” ಹಿಂದಿನಿಂದ ಇನ್ನೊಬ್ಬ ಕೂಗಿದ. ಅವನ್ಯಾರೋ ನನಗೆ ಗೊತ್ತಿಲ್ಲ.

ಚೇರ್ಮನ್ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. “ಅವರಿಂದಲೇ ಆಯ್ತು ಅಂತ ಹೇಳಕ್ಕಾಗಲ್ಲ,” ಎಂದರು. ಮೈಕಿನಲ್ಲೇ.

ಅಪ್ಪನ ಕೆಲಸ ವಾಪಸ್ ಬರಲಿಲ್ಲ. ಮನೆಯಲ್ಲಿ ಹೇಳಿದಾಗ ಅಪ್ಪ, “ಇನ್ನೊಂದ್ಸಲ ಹೇಳು, ಏನಂದ್ರು?” ಎಂದ. ಹೇಳಿದೆ. ಇನ್ನೊಂದು ಸಲ ಕೇಳಿದ.

ಆ ಮನುಷ್ಯ ಬೆವರಿದ್ದಕ್ಕೆ ನನಗೆ ಇವತ್ತಿಗೂ ಖುಷಿಯೇ. ಅಷ್ಟೇ. ಮುಂದೆ ಹೇಳೋದು ಏನೂ ಇಲ್ಲ.