ಅಡವಿಯಪ್ಪ ಮೇಷ್ಟ್ರ ಕಾಲರೇಖೆ

ಗುಬ್ಬಿಯ ನಮ್ಮ ಅನುದಾನಿತ ಪ್ರೌಢಶಾಲೆಯಲ್ಲಿ ಅಡವಿಯಪ್ಪನವರನ್ನು ಮಕ್ಕಳು ‘ಇಸವಿ ಮೇಷ್ಟ್ರು’ ಎನ್ನುತ್ತಿದ್ದರು. ಯಾವ ಇಸವಿ ಹೇಳಿದರೂ ಆ ವರ್ಷ ಮೈಸೂರು ಸಂಸ್ಥಾನದಲ್ಲಿ ಏನಾಯಿತೆಂದು ಹೇಳಬಲ್ಲವರು. ಊರು ಕಡಬ. ಮನೆ ಮಾಡಿಕೊಂಡದ್ದು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಹಣೆಗೆ ವಿಭೂತಿ, ಸ್ಕೂಟರಿನ ಮುಂದೆ ಬುತ್ತಿ ಚೀಲ, ತಲೆಗೆ ಹೆಲ್ಮೆಟ್ಟಿನ ಒಳಗೊಂದು ಕರ್ಚೀಫು. ಇಪ್ಪತ್ತೊಂಬತ್ತು ವರ್ಷ ಹೀಗೇ ಬಂದು ಹೋದ ಮನುಷ್ಯ.

ನಾನು ಅದೇ ಶಾಲೆಯಲ್ಲಿ ಗಣಿತ ಹೇಳುವ ಮಾಲಿನಿ. ನನ್ನ ಬಾಯಿ ಸ್ವಲ್ಪ ಜೋರು, ತಾಳ್ಮೆ ಕಡಿಮೆ. ಅವರು ಚಾಕ್‌ಪೀಸನ್ನು ಜೇಬಿನಲ್ಲಿಟ್ಟುಕೊಂಡು ಸ್ಟಾಫ್‌ರೂಮೆಲ್ಲ ಹುಡುಕಿದಾಗ ಮೊದಲು ನಕ್ಕವಳು ನಾನೇ. ಒಂದೇ ದಿನ ಎರಡು ಸಲ ಹಾಜರಿ ಕರೆದ ಕತೆಯನ್ನು ಎಲ್ಲರಿಗೂ ಅಭಿನಯಿಸಿ ತೋರಿಸಿದವಳೂ ನಾನೇ. ಅವರೂ ನಗುತ್ತಿದ್ದರು. ವಯಸ್ಸಾಯ್ತಲ್ಲ ಮೇಡಂ, ಎನ್ನುತ್ತಿದ್ದರು.

ಕಳೆದ ವರ್ಷ ಕಿರುಪರೀಕ್ಷೆ ಮುಗಿದ ಮೇಲೆ ಹೆಡ್‌ಮಾಸ್ಟರ್ ರೇಣುಕಾಪ್ರಸಾದ್ ಸಮಾಜ ವಿಜ್ಞಾನದ ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಅಡವಿಯಪ್ಪನವರನ್ನೂ ನನ್ನನ್ನೂ ಕರೆಸಿದರು. ಇಸವಿ ಕೇಳಿದ ಪ್ರಶ್ನೆಗೆ ಎಲ್ಲರಿಗೂ ಪೂರ್ತಿ ಅಂಕ. ‘ಏಕೆ’ ಎಂದು ಕೇಳಿದಲ್ಲೆಲ್ಲ ಖಾಲಿ ಜಾಗ.

“ಸಾರ್, ನಿಮ್ಮ ಪಿಪಿಟಿ ಇದ್ಯಲ್ಲ, ಅದನ್ನ ಕಾರಣ–ಪರಿಣಾಮದ ಕಾಲರೇಖೆ ಮಾಡ್ಬೇಕು,” ಎಂದರು. “ಮುಂದಿನ ತಿಂಗಳು ತಾಲ್ಲೂಕಿನ ಮೇಷ್ಟ್ರುಗಳ ಸಭೆ ನಮ್ಮಲ್ಲೇ. ನೀವೇ ಪಾಠ ಮಾಡಿ ತೋರಿಸ್ತೀರ. ಕಂಪ್ಯೂಟರ್ ಕೆಲ್ಸಕ್ಕೆ ಮಾಲಿನಿ ಮೇಡಂ ಇರ್ತಾರೆ.”

ನನಗೆ ಒಳಗೊಳಗೇ ಖುಷಿಯಾಯಿತು. ಆ ಪಿಪಿಟಿ ನೋಡಿ ನೋಡಿ ನನಗೂ ಸಾಕಾಗಿತ್ತು. ಮೈಸೂರು ಸಂಸ್ಥಾನ, 1799ರಿಂದ 1881ರವರೆಗೆ, ಐವತ್ತೆಂಟು ಸ್ಲೈಡು. ಒಂದೊಂದರಲ್ಲಿ ಒಂದು ಇಸವಿ, ಕೆಳಗೆ ಐದಾರು ಸಾಲು, ಮೂಲೆಯಲ್ಲಿ ಒಂದು ಆನೆ. ಒಂದು ಸ್ಲೈಡಿಗೂ ಇನ್ನೊಂದಕ್ಕೂ ಏನು ಸಂಬಂಧ ಎಂದು ಆ ಆನೆಯನ್ನೇ ಕೇಳಬೇಕು.

ಶನಿವಾರ ಮಧ್ಯಾಹ್ನ ಮಕ್ಕಳು ಹೋದ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ಕೂತೆವು. ನಾನು ನೆಲದ ಮೇಲೆ ಉದ್ದಕ್ಕೆ ಹಾಳೆ ಹಾಸಿ ಒಂದು ಗೆರೆ ಎಳೆದೆ. ಹತ್ತು ವರ್ಷಕ್ಕೆ ಒಂದು ಗೇಣು. ಐವತ್ತೆಂಟರಲ್ಲಿ ಮಕ್ಕಳಿಗೆ ನಿಜವಾಗಿ ಬೇಕಾದ ಏಳೆಂಟು ಘಟನೆಗಳನ್ನು ಆರಿಸಿ ಚೀಟಿ ಮಾಡುವುದು, ಚೀಟಿಗಳನ್ನು ಅವುಗಳ ವರ್ಷದ ಮೇಲೆ ಇಡುವುದು, ಆಮೇಲೆ ಕಾರಣದಿಂದ ಪರಿಣಾಮಕ್ಕೆ ಬಾಣ ಎಳೆಯುವುದು. ಬಾಣ ಎಳೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದು ಆಗದಿದ್ದರೆ ಅದು ಆಗುತ್ತಿತ್ತೇ? ಆಗುತ್ತಿತ್ತು ಎಂದಾದರೆ ಬಾಣ ಇಲ್ಲ. ಮೊದಲು ನಡೆದದ್ದೆಲ್ಲ ಕಾರಣವಾಗುವುದಿಲ್ಲ. ಬಹಳ ಕಾಲದಿಂದ ಕುದಿಯುತ್ತಿದ್ದ ಕಾರಣಕ್ಕೆ ದಪ್ಪ ಬಾಣ, ತಕ್ಷಣದ ಕಾರಣಕ್ಕೆ ತೆಳು ಬಾಣ.

“ಇದೇನ್ ಮೇಡಂ, ಇತಿಹಾಸಕ್ಕೂ ನಿಮ್ ಗಣಿತ ತಂದ್ರಲ್ಲ,” ಎಂದರು ಮೇಷ್ಟ್ರು.

ಸ್ಲೈಡುಗಳನ್ನು ಒಂದೊಂದಾಗಿ ನೋಡುತ್ತ ಹೋದೆ. ಹದಿನೇಳನೆಯದು 1830ರಲ್ಲಿ ಮಲೆನಾಡಿನ ನಗರ ಸೀಮೆಯಲ್ಲಾದ ರೈತ ದಂಗೆ. ಇಪ್ಪತ್ತಾರನೆಯದೂ ಅದೇ. ನಲವತ್ತನೆಯದೂ ಅದೇ. ನಕಲು ಮಾಡಿ ಅಂಟಿಸಿದ್ದಲ್ಲ, ಮೂರು ಸಲವೂ ಹೊಸದಾಗಿ ಕೂತು ಬರೆದದ್ದು. ಮಾತುಗಳು ಬೇರೆ ಬೇರೆ, ವಿಷಯ ಒಂದೇ. ಕ್ಷಾಮದ ಸ್ಲೈಡು ನಾಲ್ಕು ಕಡೆ ಇತ್ತು.

“ಮೂರ್ ಮೂರ್ ಸಲ ಯಾಕ್ ಸಾರ್ ಹಾಕಿದೀರ?”

ಅವರು ತೆರೆಯನ್ನು ದಿಟ್ಟಿಸಿದರು. “ನಾನ್ ಹಾಕಿದ್ದು ಒಂದೇ. ಹುಡುಗ್ರು ಯಾರೋ ಕೈ ಆಡ್ಸವ್ರೆ.”

ಹತ್ತನೇ ತರಗತಿ ಹುಡುಗರು ಕದ್ದು ಬಂದು ನಗರದ ದಂಗೆಯ ಬಗ್ಗೆ ಶುದ್ಧ ಕನ್ನಡದಲ್ಲಿ ಆರು ಸಾಲು ಬರೆದು ಹೋಗುವಷ್ಟು ಒಳ್ಳೆಯವರಲ್ಲ. ಆದರೂ ನಾನು ಚೀಟಿಗಳನ್ನು ಅವರ ಕೈಗೆ ಕೊಟ್ಟು, ಗೆರೆಯ ಮೇಲೆ ಇಡಿ ಸಾರ್, ಎಂದೆ.

ಒಂದೊಂದೇ ಚೀಟಿ ತೋರಿಸಿ ಕೇಳಿದರೆ ಕತೆ ನೀರು ಕುಡಿದ ಹಾಗೆ ಹೇಳಿದರು. ಕಂಪನಿಗೆ ವರ್ಷಾವರ್ಷ ಕಟ್ಟಬೇಕಾದ ಕಪ್ಪ, ಅದನ್ನು ಹೊಂದಿಸಲು ಇಷ್ಟು ಕಂದಾಯ ತಂದೇ ಕೊಡುತ್ತೇವೆಂದು ಅಧಿಕಾರಿಗಳಿಂದ ಬರೆಸಿಕೊಂಡ ಶರತ್ತು, ಆ ಅಧಿಕಾರಿಗಳ ಕಾಟ, ತಿರುಗಿಬಿದ್ದ ರೈತರು. ಎಲ್ಲ ಇತ್ತು. ಆದರೆ ಇಡುವಾಗ ಕೈ ಗಾಳಿಯಲ್ಲೇ ನಿಂತಿತು. 1831, ಆಡಳಿತ ಬ್ರಿಟಿಷರ ಕೈಗೆ, ಎಂಬ ಚೀಟಿಯನ್ನು ಮೊದಲಿಟ್ಟರು. ಅದರ ಬಲಕ್ಕೆ 1830ರ ದಂಗೆಯ ಚೀಟಿ ಇಟ್ಟು, 1831ರಿಂದ 1830ಕ್ಕೆ ಬಾಣ ಎಳೆದರು. ಇಪ್ಪತ್ತೊಂಬತ್ತು ವರ್ಷ ಆ ಪಾಠ ಮಾಡಿದವರು.

ನಾನು ಎರಡೂ ಚೀಟಿಗಳನ್ನು ಅದಲು ಬದಲು ಮಾಡಿದೆ.

“ಹೌದಲ್ವಾ,” ಎಂದರು. ಮೂಗಿನ ತುದಿಯಲ್ಲಿ ಬೆವರಿತ್ತು. ಕರ್ಚೀಫು ತೆಗೆದು ಮುಖ ಒರೆಸಿಕೊಂಡರು, ಮಡಚಿದರು, ಮತ್ತೆ ತೆಗೆದು ಒರೆಸಿಕೊಂಡರು. ಆಮೇಲೆ ಹೇಳಿದರು: “ಬಿಡಿ ಬಿಡಿಯಾಗಿ ಇರ್ತದೆ ಮೇಡಂ. ಸಾಲಿಗ್ ನಿಲ್ಸಕ್ ಹೋದ್ರೆ ನಿಲ್ಲಲ್ಲ. ಒಂದೂವರೆ ವರ್ಷ ಆಯ್ತು. ಯಾರಿಗೂ ಹೇಳ್ಬೇಡಿ. ಇನ್ನೆರಡು ವರ್ಷ ಅಷ್ಟೇ, ಕ್ಲಾಸಿಂದಾನೇ ರಿಟೈರ್ ಆಗ್ಬೇಕು ನಾನು.”

“ಮನೇಲಿ ಗೊತ್ತಾ?”

“ದಾಕ್ಷಾಯಣಿಗಾ? ಹೆದ್ರಕೊಂಡ್ಬಿಡ್ತಾಳೆ. ಬೇಡ.”

ನಾನು ನಕ್ಕಿದ್ದೆಲ್ಲ ಒಂದೊಂದಾಗಿ ನೆನಪಿಗೆ ಬಂತು. ಆ ನಾಚಿಕೆಗೇ ಇರಬೇಕು, ಹೇಳಲ್ಲ ಸಾರ್, ಎಂದು ಮಾತು ಕೊಟ್ಟೆ.

ಮಾತು ಕೊಟ್ಟ ಮೇಲೆ ಕೆಲಸ ಅಚ್ಚುಕಟ್ಟಾಗಿ ಮಾಡಿದೆ. ಒಂದಕ್ಕಿಂತ ಹೆಚ್ಚಿದ್ದ ಸ್ಲೈಡುಗಳನ್ನೆಲ್ಲ ಅಳಿಸಿದೆ. ಚೀಟಿಗಳ ಹಿಂದೆ ಪೆನ್ಸಿಲಿನಲ್ಲಿ ಒಂದು, ಎರಡು, ಮೂರು ಎಂದು ಸಣ್ಣದಾಗಿ ಬರೆದೆ. ಪ್ರತಿ ಬಾಣಕ್ಕೂ ಏನು ಹೇಳಬೇಕೆಂದು ಬೇರೆ ಕಾಗದದಲ್ಲಿ ಬರೆದುಕೊಟ್ಟೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಅವರಿಂದ ಒಪ್ಪಿಸಿಕೊಂಡೆ. ಸ್ಟಾಫ್‌ರೂಮಿನಲ್ಲಿ ಎಲ್ಲರೂ ಮಾಲಿನಿ ಮೇಡಂ ಇತಿಹಾಸ ಕಲಿಯುತ್ತಿದ್ದಾರೆ ಎಂದು ಗೇಲಿ ಮಾಡಿದರು.

ಸಭೆಯ ದಿನ ಕೋಣೆಯ ಹಿಂದೆ ನಲವತ್ತು ಮೇಷ್ಟ್ರು, ಮುಂದೆ ಹತ್ತನೇ ತರಗತಿ ಮಕ್ಕಳು. ಅಡವಿಯಪ್ಪನವರು ಚೀಟಿ ತಿರುಗಿಸಿ ನೋಡಿ, ಇಟ್ಟು, ಬಾಣ ಎಳೆಸಿ, ಚೆನ್ನಾಗಿಯೇ ನಡೆಸಿದರು. ಕೊನೆಗೆ ತೇಜಸ್ವಿನಿ ಎಂಬ ಹುಡುಗಿ ಎದ್ದು ನಿಂತಳು.

“ಸಾರ್, ಕ್ಷಾಮ 1876ರಲ್ಲಿ, ರಾಜ್ಯ ವಾಪಸ್ ಕೊಟ್ಟಿದ್ದು 1881ರಲ್ಲಿ. ಕ್ಷಾಮ ಬಂದಿದ್ದಕ್ಕೇ ವಾಪಸ್ ಕೊಟ್ರಾ? ಬಾಣ ಎಳೀಲಾ?”

ಅದು ನಮ್ಮ ಕಾಗದದಲ್ಲಿ ಇರಲಿಲ್ಲ. ಮೇಷ್ಟ್ರು ಅವಳನ್ನು ನೋಡಿದರು, ಗೆರೆಯನ್ನು ನೋಡಿದರು, ನನ್ನನ್ನು ನೋಡಿದರು. ಅಷ್ಟು ದೊಡ್ಡ ಕಣ್ಣು ನಾನು ಕಂಡಿರಲಿಲ್ಲ. ನಾನು ತಟ್ಟನೆ ಎದ್ದು, “1867ರ ಚೀಟಿ ಓದಮ್ಮ,” ಎಂದೆ. ಮಹಾರಾಜರ ದತ್ತುಮಗನಿಗೆ ರಾಜ್ಯ ಮರಳಿಸುವ ತೀರ್ಮಾನ ಆ ವರ್ಷವೇ ಆಗಿತ್ತು ಎಂದು ಅವಳೇ ಓದಿದಳು. ಹಾಗಾದರೆ ಕ್ಷಾಮ ಬರದಿದ್ದರೂ ವಾಪಸ್ ಕೊಡ್ತಿದ್ರು, ಬಾಣ ಬೇಡ, ಎಂದು ತಾನೇ ಹೇಳಿ ಕೂತಳು. ಚಪ್ಪಾಳೆ ಬಿತ್ತು. ರೇಣುಕಾಪ್ರಸಾದ್ ಶಾಲು ಹೊದಿಸಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ಆ ದಿನ ನಾನು ಹೋಳಿಗೆ ತಿಂದು ಮನೆಗೆ ಹೋದೆ.

ಅದಾಗಿ ಮೂರು ವಾರಕ್ಕೆ ಅವರು ಬಿದ್ದರು. ಶಾಲೆ ಬಿಟ್ಟು ತುಮಕೂರಿಗೆ ಹೊರಟವರು ಶೆಟ್ಟಿಹಳ್ಳಿಗೆ ತಿರುಗಲಿಲ್ಲ. ಮುಂದೆ ಮುಂದೆ ಹೋಗಿ ಕುಣಿಗಲ್ ರಸ್ತೆ ಹಿಡಿದಿದ್ದಾರೆ. ಊರಿಂದ ಎಷ್ಟೋ ದೂರದಲ್ಲಿ, ಎಲ್ಲಿದ್ದೇನೆಂದು ತಿಳಿಯದೆ ಗಾಬರಿಯಾಗಿ ಗಾಡಿ ತಿರುಗಿಸಲು ಹೋದಾಗ ಹಿಂದಿನಿಂದ ಬಂದ ಟೆಂಪೋ ತಾಗಿದೆ. ಹೆಲ್ಮೆಟ್ಟಿದ್ದರಿಂದ ತಲೆ ಉಳಿಯಿತು. ಸೊಂಟದ ಮೂಳೆ ಮುರಿಯಿತು. ಎತ್ತಿ ಕೂರಿಸಿದವರು ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ಕಡಬ ಎಂದರಂತೆ. ಕಡಬ ಬಿಟ್ಟು ಮೂವತ್ತು ವರ್ಷವಾಗಿತ್ತು.

ನಾನು ತುಮಕೂರಿನ ಆಸ್ಪತ್ರೆಗೆ ಹೋದಾಗ ದಾಕ್ಷಾಯಣಮ್ಮ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಮೇಷ್ಟ್ರು ಎರಡು ದಿನದಿಂದ ಹೆಂಡತಿಯನ್ನು ಅಮ್ಮ ಎಂದು ಕರೆಯುತ್ತಿದ್ದರಂತೆ.

“ನನ್ನಿಂದಾನೇ ಆಗಿದ್ದು ಮೇಡಂ,” ಎಂದರು ಆಕೆ. “ಬರ್ತಾ ಹೂವ ತನ್ನಿ ಅಂತ ಫೋನ್ ಮಾಡಿದ್ದೆ. ಅದಕ್ಕೇ ಆ ಕಡೆ ಹೋಗವ್ರೆ. ಬಿದ್ದು ತಲೆಗೆ ಪೆಟ್ಟಾಗಿ ಹಿಂಗಾಗವ್ರೆ. ಪೆಟ್ಟು ಇಳಿದ್ರೆ ಮೊದಲಿನಂಗೇ ಆಗ್ತಾರೆ ಅಲ್ವಾ?”

ಅಷ್ಟರಲ್ಲಿ ಡಾಕ್ಟರು ಒಳಗೆ ಕರೆದರು. ಬೆಂಬಲಕ್ಕೆಂದು ನಾನೂ ಹೋದೆ. ಸ್ಕ್ಯಾನಿನಲ್ಲಿ ತಲೆಗೆ ಪೆಟ್ಟಾದ ಗುರುತಿಲ್ಲ, ರಕ್ತ ಹೆಪ್ಪುಗಟ್ಟಿಲ್ಲ, ಎಂದರು ಅವರು. “ಮರೆವು ಬೀಳೋಕ್ ಮುಂಚೆ ಇತ್ತಾ, ಬಿದ್ದ ಮೇಲೆ ಶುರು ಆಯ್ತಾ? ಅದು ನಮಗೆ ಗೊತ್ತಾಗ್ಬೇಕು.”

“ಬಿದ್ದ ಮೇಲೇ,” ಎಂದರು ದಾಕ್ಷಾಯಣಮ್ಮ. “ಹೋದ ತಿಂಗಳು ನಲವತ್ತು ಜನದ ಮುಂದೆ ಪಾಠ ಮಾಡಿ ಶಾಲು ಹೊದಿಸ್ಕೊಂಡು ಬಂದವ್ರೆ. ಬೇಕಾದ್ರೆ ಇವರನ್ನೇ ಕೇಳಿ.”

ಡಾಕ್ಟರು ನನ್ನ ಕಡೆ ತಿರುಗಿದರು. ಇನ್ನು ಮುಚ್ಚಿಡಲು ಆಗಲಿಲ್ಲ. ಚಾಕ್‌ಪೀಸು, ಎರಡು ಸಲದ ಹಾಜರಿ, ಮೂರು ಕಡೆ ಬರೆದ ದಂಗೆ, ತಿರುಗುಮುರುಗಾದ ಬಾಣ, ಯಾವುದು ಯಾವ ತಿಂಗಳು ಎಂದು ಒಂದೊಂದಾಗಿ ಹೇಳಿದೆ. ಒಂದೂವರೆ ವರ್ಷ ಎಂದು ಅವರೇ ಹೇಳಿದ್ದನ್ನೂ ಹೇಳಿದೆ. ಡಾಕ್ಟರು ಬರೆದುಕೊಂಡರು. ಹಾಗಾದರೆ ಬಿದ್ದದ್ದರಿಂದ ಮರೆವು ಬಂದದ್ದಲ್ಲ, ಮರೆವಿನಿಂದಲೇ ಬಿದ್ದದ್ದು, ಎಂದರು. ಇದು ವಾಸಿಯಾಗುವ ಜಾತಿಯದಾಗಿ ಕಾಣುವುದಿಲ್ಲ, ಇನ್ನು ಪಾಠ ಮಾಡುವುದು, ಗಾಡಿ ಓಡಿಸುವುದು ಆಗದ ಮಾತು, ಎಂದೂ ಸೇರಿಸಿದರು.

ಹೊರಗೆ ಬಂದು ದಾಕ್ಷಾಯಣಮ್ಮ ಮತ್ತೆ ಅದೇ ಬೆಂಚಿನ ಮೇಲೆ ಕೂತರು. ಹೂವಿನ ತಪ್ಪು ಅವರ ತಲೆಯಿಂದ ಇಳಿಯಿತಲ್ಲ ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ.

“ಶಾಲು ಹೊದಿಸಿದ ದಿನ ನಿಮಗೆ ಗೊತ್ತಿತ್ತಾ?” ಎಂದು ಕೇಳಿದರು.

“ಗೊತ್ತಿತ್ತು. ಅವರೇ ಹೇಳ್ಬೇಡಿ ಅಂದಿದ್ರು.”

ಆಕೆ ಕೋಪ ಮಾಡಿಕೊಳ್ಳಲಿಲ್ಲ. ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡು ವಾರ್ಡಿನ ಕಡೆ ಹೊರಟವರು ಒಂದು ಗಳಿಗೆ ನಿಂತರು.

“ನಂಗೊಂದು ಮಾತು ಹೇಳಿದ್ರೆ ಗಾಡಿ ಕೀ ಎತ್ತಿಡ್ತಿದ್ದೆ ಮೇಡಂ,” ಎಂದರು. “ಮರೆವು ಇದ್ರೂ ನಡಕೊಂಡು ಓಡಾಡ್ತಿದ್ರು.”