ಮೈದುನ ಕೊಟ್ಟ ಸ್ವಾಗತದ ಚೀಟಿ

ಬಾಡಿಗೆ ಕೊಡುತ್ತೇನೆ ಎಂದವಳು ನಾನೇ. ಮೈದುನ ಬೇಡವೆನ್ನುತ್ತಾನೆ ಎಂದುಕೊಂಡಿದ್ದೆ. ಅವನು ತಲೆಯಾಡಿಸಿ, "ನಿಮಗ ಹೆಂಗ ಅನುಕೂಲ ಆಗ್ತದೋ ಹಂಗ ಮಾಡ್ರಿ ವೈನಿ" ಎಂದುಬಿಟ್ಟ.

ಬಾಗಲಕೋಟೆಯ ಹಳೇ ಊರಿನಲ್ಲಿದ್ದ ನಮ್ಮ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋದಾಗ ಸಿಕ್ಕ ನಿವೇಶನದಲ್ಲಿ ನನ್ನ ಗಂಡ, ಮೈದುನ ಅಣ್ಣತಮ್ಮಂದಿರಿಬ್ಬರೂ ಸೇರಿ ನವನಗರದಲ್ಲಿ ಈ ಮನೆ ಕಟ್ಟಿದ್ದರು. ಮೈದುನ ಇಳಕಲ್ಲಿನಲ್ಲಿ ನೌಕರಿಯಲ್ಲಿದ್ದ. ಮನೆ ನಡೆಸಿದವರು ನಾವು. ನನ್ನ ಗಂಡ ಕಾಯಿಲೆ ಬಿದ್ದಾಗ ಮೈದುನನೇ ಖರ್ಚು ನೋಡಿಕೊಂಡ, ಇವರು ತಮ್ಮ ಪಾಲನ್ನು ಅವನಿಗೆ ಬರೆದುಕೊಟ್ಟರು. ಅದರಲ್ಲಿ ಮೋಸವೇನಿಲ್ಲ. ಇವರು ತೀರಿಕೊಂಡ ಮೇಲೆ ಅವನು ವರ್ಗವಾಗಿ ಸಂಸಾರ ಸಮೇತ ಬಂದು ಕೆಳಗಿನ ಮನೆಗೆ ಇಳಿದ. ನಾನು ಮೇಲಿನ ಎರಡು ಕೋಣೆ ಹತ್ತಿದೆ. ನನಗೆ ಬೇಕಾಗಿದ್ದದ್ದು ಒಂದೇ, ಈ ಮನೆಯ ಸೊಸೆಯಾಗಿಯೇ ಇಲ್ಲಿ ಇರುವುದು.

ಸಾಮಾನು ಜೋಡಿಸಿ ಮುಗಿದಿರಲಿಲ್ಲ, ಅವನು ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿದ ಹಾಳೆಯೊಂದನ್ನು ತಂದು ಬಾಗಿಲ ಹಿಂದೆ ಅಂಟಿಸಿದ. ಮೇಲೆ ದಪ್ಪಕ್ಷರದಲ್ಲಿ "ನಮ್ಮ ಮನೆಗೆ ಸ್ವಾಗತ".

ಕುಡಿಯುವ ನೀರು ದಿನ ಬಿಟ್ಟು ದಿನ ಬೆಳಿಗ್ಗೆ ಬರುತ್ತದೆ, ತುಂಬಿಟ್ಟುಕೊಳ್ಳಿ. ಬಳಸುವ ನೀರು ಮೇಲಿನ ಟಾಕಿಯಿಂದ, ಮಿತವಾಗಿ. ಕರೆಂಟಿನ ಮೀಟರು ಬೇರೆ ಇದೆ, ಬಿಲ್ಲು ನೀವೇ ಕಟ್ಟಿಕೊಳ್ಳಿ. ಹಸಿ ಕಸ ಹಸಿರು ಬಕೆಟ್ಟಿಗೆ, ಒಣ ಕಸ ನೀಲಿ ಬಕೆಟ್ಟಿಗೆ, ಕಸದ ಗಾಡಿ ಬಂದಾಗಲೇ ಕೊಡಿ, ಪಕ್ಕದ ಖಾಲಿ ಜಾಗದಲ್ಲಿ ಎಸೆಯಬೇಡಿ. ಕಾಂಪೌಂಡಿನೊಳಗೆ ಮಾಲೀಕರ ಕಾರು ಮಾತ್ರ, ಬಾಡಿಗೆದಾರರ ಗಾಡಿ ಗೇಟಿನ ಹೊರಗೆ. ಟೆರೇಸಿನ ಕೀಲಿ ಮಾಲೀಕರ ಬಳಿ. ರಿಪೇರಿಗೆ ಪ್ಲಂಬರ್, ಎಲೆಕ್ಟ್ರಿಷಿಯನ್ ನಂಬರುಗಳು ಕೆಳಗಿವೆ.

ಉಂಡ ತಟ್ಟೆಯನ್ನೂ ಎತ್ತದವನು ನನಗೆ ಹಸಿ ಕಸ, ಒಣ ಕಸ ಕಲಿಸಲು ಬಂದಿದ್ದ! ಸಿಟ್ಟು ನೆತ್ತಿಗೇರಿತು. ಆದರೂ ಯಾರಿಗೋ ಮಾಡಿಸಿದ್ದನ್ನೇ ನನಗೂ ಅಂಟಿಸಿರಬೇಕೆಂದು ಸಮಾಧಾನ ಹೇಳಿಕೊಂಡು, ಇವರ ಸ್ಕೂಟರನ್ನು ಗೇಟಿನ ಹೊರಗೆ ತಂದು ನಿಲ್ಲಿಸಿದೆ.

ಒಂದು ಮಧ್ಯಾಹ್ನ ಬಚ್ಚಲಿನ ನಳ ಮುರಿದು ಕೈಗೇ ಬಂತು. ನೀರು ಗೋಡೆಗೆ ಹಾರಿ ಕೋಣೆಯೊಳಗೆ ಹರಿಯತೊಡಗಿತು. ಅದನ್ನು ನಿಲ್ಲಿಸುವ ವಾಲ್ವ್ ಟೆರೇಸಿನ ಮೇಲೆ ಟಾಕಿಯ ಬುಡದಲ್ಲಿದೆ, ಹಾಕಿಸಿದವಳೂ ನಾನೇ. ಒದ್ದೆ ಸೀರೆಯಲ್ಲೇ ಕೆಳಗೆ ಓಡಿದೆ. ಮೈದುನ ಊಟಕ್ಕೆ ಕೂತಿದ್ದ.

"ಟೆರೇಸಿನ ಕೀಲಿ ಕೊಡೊ, ನೀರು ಹರಿಯಾಕ ಹತ್ತ್ಯದ."

"ನೀವ್ಯಾಕ ಹತ್ತತೀರಿ ವೈನಿ? ಚೀಟಿಯೊಳಗ ಪ್ಲಂಬರ್ ನಂಬರ್ ಅದಲ್ಲ, ಅವಂಗ ಫೋನ್ ಮಾಡ್ರಿ. ಅವ ಬಂದ ಮ್ಯಾಲೆ ಕೀಲಿ ಕೊಡ್ತೇನಿ."

ಅವನ ಹೆಂಡತಿ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನನ್ನ ಕಡೆ ನೋಡಲಿಲ್ಲ.

ಮೇಲೆ ಬಂದು ಫೋನ್ ಮಾಡಿದೆ. ಮನೆ ಕಟ್ಟುವಾಗ ಪೈಪು ಹಾಕಿದ ಪ್ಲಂಬರನೇ. ಮೈದುನನ ಹೆಸರು ಹೇಳಿ, ಅವರ ಮೇಲಿನ ಮನೆಯಿಂದ ಎಂದಷ್ಟೇ ಅಂದಿದ್ದೆ.

"ಸಾಹೇಬ್ರನ್ನ ಒಂದ್ ಮಾತ್ ಕೇಳಿ ಬರ್ತೇನ್ರಿ. ಬಾಡಿಗಿಯವರು ಕರದ್ರ ತಮಗ ಕೇಳದ ಹೋಗಬ್ಯಾಡ ಅಂತ ಹೇಳ್ಯಾರ."

ನಾನು ಯಾರೆಂದು ಹೇಳಿದೆ. "ನೀವೇನ್ರಿ ಅಕ್ಕಾರ? ನನಗ ಗೊತ್ತಿದ್ದಿಲ್ರಿ. ಮ್ಯಾಲೆ ಯಾರೋ ಹೊಸಬ್ರು ಬಂದಾರ ಅಂತ ಅಂದಿದ್ರು" ಎಂದ.

ಅವನು ಬರುವಷ್ಟರಲ್ಲಿ ಟಾಕಿ ಖಾಲಿಯಾಗಿ ನೀರು ತಾನೇ ನಿಂತಿತ್ತು. ಇವರ ಪುಸ್ತಕಗಳ ಪೆಟ್ಟಿಗೆ ನೆನೆದು ಉಬ್ಬಿತ್ತು. ನಾನು ನೆಲ ಒರೆಸುತ್ತ ಅತ್ತೆ. ನಳ ಮುರಿದದ್ದಕ್ಕೆ ಯಾರೂ ಅಳುವುದಿಲ್ಲ.

ಸಂಜೆ ಕೆಳಗೆ ಹೋಗಿ, ತಿಂಗಳ ಕೊನೆಗೆ ಮನೆ ಖಾಲಿ ಮಾಡುತ್ತೇನೆ ಎಂದೆ. ಬೇರೆ ಮನೆ ನೋಡಿಯೂ ಇರಲಿಲ್ಲ. "ಹಂಗ್ಯಾಕಂತೀರಿ ವೈನಿ, ಸುಮ್ನಿರ್ರಿ" ಎಂದು ಬೈದಿದ್ದರೂ ಸಾಕಿತ್ತು, ಹಸಿರು ಬಕೆಟ್ಟು ನೀಲಿ ಬಕೆಟ್ಟು ಎಲ್ಲ ನುಂಗಿಕೊಂಡು ಅಲ್ಲೇ ಇದ್ದುಬಿಡುತ್ತಿದ್ದೆ. ಅದಕ್ಕಾಗಿಯೇ ಹೊಸ್ತಿಲಲ್ಲಿ ನಿಂತೇ ಇದ್ದೆ.

ಅವನು ಮೊಬೈಲಿನಿಂದ ತಲೆ ಎತ್ತಿದ.

"ಆತು ವೈನಿ. ಕೀಲಿ ಎರಡು ಅವ, ಎರಡೂ ಕೊಟ್ಟು ಹೋಗ್ರಿ. ಆ ಚೀಟಿ ಹರೀಬ್ಯಾಡ್ರಿ, ಮುಂದ ಬರೋರಿಗೆ ಬೇಕಾಗ್ತದ."